ಟಿವಿ ಪೆನ್‌ಡ್ರೈವ್‌ಗೆ ತುಂಬುವುದು ಚಿತ್ರವನ್ನಲ್ಲ

ರಿಮೋಟಿನ ರೆಕಾರ್ಡ್ ಬಟನ್ ಒತ್ತಿದರೆ ಪರದೆ ಮೇಲೆ ಕಾಣುವುದೆಲ್ಲ ಪೆನ್‌ಡ್ರೈವ್‌ಗೆ ಇಳಿಯುತ್ತದೆ ಅಂತ ಜಾಸ್ತಿ ಜನ ನಂಬಿದ್ದಾರೆ. ಸೆಟ್‌ಟಾಪ್ ಬಾಕ್ಸನ್ನು ಎಚ್‌ಡಿಎಂಐ ಕೇಬಲ್‌ನಲ್ಲಿ ಸಿಕ್ಕಿಸಿ, ರೆಕಾರ್ಡ್ ಆಗುತ್ತಿಲ್ಲ ಎಂದು ಟಿವಿಯನ್ನು ಬೈಯುತ್ತಾರೆ. ಪಾಪ, ಟಿವಿಯ ತಪ್ಪೇನಿಲ್ಲ. ರೆಕಾರ್ಡ್ ಮಾಡುವಾಗ ಅದು ಪರದೆಯ ತಂಟೆಗೇ ಹೋಗುವುದಿಲ್ಲ.

ಸ್ಯಾಟಲೈಟ್ ಟ್ಯೂನರ್ ಒಳಗೇ ಇರುವ ಟಿವಿಗೆ ಡಿಡಿ ಫ್ರೀ ಡಿಶ್‌ನ ಕೇಬಲ್ಲನ್ನು ನೇರವಾಗಿ ಕೊಟ್ಟಿದ್ದೀರಿ ಅನ್ನಿ. ಒಂದೇ ಫ್ರೀಕ್ವೆನ್ಸಿಯಲ್ಲಿ ಹಲವು ಚಾನೆಲ್‌ಗಳು ಬೆರೆತು ಬರುತ್ತವೆ, ಅದೂ ಕುಗ್ಗಿಸಿದ ಡೇಟಾ ಆಗಿ. ಆ ಡೇಟಾ 188 ಬೈಟ್‌ಗಳ ಸಣ್ಣ ಪ್ಯಾಕೆಟ್‌ಗಳಲ್ಲಿರುತ್ತದೆ. ಪ್ರತಿ ಪ್ಯಾಕೆಟ್ಟಿನ ಮೊದಲ ಬೈಟ್ ಶುರುವಿನ ಗುರುತು, `0x47`. ಅದರ ಹಿಂದೆಯೇ ಪಿಐಡಿ ಎಂಬ ನಂಬರ್ ಇರುತ್ತದೆ. ಮಂಡಿಯಲ್ಲಿ ಚೀಟಿ ನೋಡಿ ಮೂಟೆ ಬೇರೆ ಮಾಡುವ ಹಾಗೆ, ಟಿವಿ ಈ ನಂಬರ್ ನೋಡಿ ನಿಮ್ಮ ಚಾನೆಲ್ಲಿನ ಪ್ಯಾಕೆಟ್‌ಗಳನ್ನು ಆರಿಸಿ ಡ್ರೈವ್‌ಗೆ ಹಾಕುತ್ತದೆ.

ಈ 188 ಯಾಕೆ? 1990ರ ದಶಕದಲ್ಲಿ ಈ ನಿಯಮ ಬರೆದಾಗ ಎಟಿಎಂ ಎಂಬ ಟೆಲಿಫೋನ್ ಜಾಲದ ಮೇಲೆ ಎಲ್ಲರಿಗೂ ಭರವಸೆಯಿತ್ತು. ಅದು ಡೇಟಾವನ್ನು ಸೆಲ್ ಎಂಬ ಸಣ್ಣ ತುಂಡುಗಳಲ್ಲಿ ಸಾಗಿಸುತ್ತಿತ್ತು, ಒಂದು ಬಗೆಯ ಸೆಲ್ಲಿನಲ್ಲಿ 47 ಬೈಟ್ ಹಿಡಿಸುತ್ತಿತ್ತು. ನಾಲ್ಕು ಸೆಲ್ಲಿಗೆ 188. ಜಾಲ ಮರೆಯಾಯಿತು, ಲೆಕ್ಕ ಮಾತ್ರ ನಮ್ಮ ಟಿವಿಯಲ್ಲಿ ಉಳಿದುಕೊಂಡಿದೆ!

ಪ್ಯಾಕೆಟ್ಟನ್ನು ಬಿಚ್ಚಿ ಚಿತ್ರ ಮಾಡಿ ಪರದೆಗೆ ಕೊಡುವುದು ಬೇರೆಯೇ ದಾರಿ. ಅದಕ್ಕೇ ನೀವು ಮ್ಯೂಟ್ ಮಾಡಿ ನೋಡಿದರೂ ರೆಕಾರ್ಡಿಂಗ್‌ನಲ್ಲಿ ದನಿ ಪೂರ್ತಿ ಇರುತ್ತದೆ. ಚಾನೆಲ್ ಕಳಿಸಿದ ಗುಣಮಟ್ಟ ಒಂದಿಷ್ಟೂ ಇಳಿಯುವುದಿಲ್ಲ. ಎಚ್‌ಡಿಎಂಐನಲ್ಲಿ ಬರುವುದಾದರೋ ಆಗಲೇ ಬಿಚ್ಚಿಟ್ಟ ಚಿತ್ರ. ಫುಲ್ ಎಚ್‌ಡಿಯಲ್ಲಿ ಸೆಕೆಂಡಿಗೆ 50 ಚಿತ್ರ ಅಂದರೆ ಸುಮಾರು 250 ಕೋಟಿ ಬಿಟ್. ಅದನ್ನು ಮತ್ತೆ ಕುಗ್ಗಿಸುವ ವ್ಯವಸ್ಥೆ ಸಾಮಾನ್ಯ ಟಿವಿಗಳಲ್ಲಿ ಇರುವುದಿಲ್ಲ. ಜೊತೆಗೆ ಕಾಪಿ ತಡೆಯುವ ಬೀಗ ಬೇರೆ.

ಟ್ಯೂನರಿನಿಂದ ಬರುವ ಸಾಧಾರಣ ಚಾನೆಲ್ ಸೆಕೆಂಡಿಗೆ 40 ಲಕ್ಷ ಬಿಟ್ ಕಳಿಸಿದರೆ ಗಂಟೆಗೆ 1.8 ಜಿಬಿ. ಅಂದರೆ ಸೆಕೆಂಡಿಗೆ ಅರ್ಧ ಎಂಬಿ ಅಷ್ಟೇ. ಆದರೂ ಅಗ್ಗದ ಪೆನ್‌ಡ್ರೈವ್ ಎಡವುತ್ತದೆ. ಹಳೇ ಡೇಟಾ ಅಳಿಸಿ ಹೊಸದಕ್ಕೆ ಜಾಗ ಮಾಡುವಾಗ ಅದು ಆಗಾಗ ತಡೆದು ನಿಲ್ಲುತ್ತದೆ. ಪ್ಯಾಕೆಟ್‌ಗಳು ಕಾಯುವುದಿಲ್ಲ. ಟಿವಿಯ ಮೆಮೊರಿ ತುಂಬಿದರೆ ಕೆಲವು ಕೈಬಿಟ್ಟು ಹೋಗುತ್ತವೆ. ಲೈವ್ ನೋಡುವಾಗ ಚಿತ್ರ ಸರಿಯಿದ್ದು, ರೆಕಾರ್ಡಿಂಗ್‌ನಲ್ಲಿ ಪ್ರತಿ ಸಲ ಅದೇ ಜಾಗದಲ್ಲಿ ಚೌಕ ಚೌಕವಾಗಿ ಒಡೆದರೆ ಡ್ರೈವ್ ಮೇಲೆ ಅನುಮಾನಪಡಿ. ಲೈವ್‌ನಲ್ಲೂ ಒಡೆದಿದ್ದರೆ ಡಿಶ್ ಅಥವಾ ಮಳೆ ಕಾರಣ.

ರೆಕಾರ್ಡಿಂಗ್‌ಗೆ ಸಿದ್ಧ ಮಾಡುವಾಗ ಎಷ್ಟೋ ಟಿವಿಗಳು ಡ್ರೈವನ್ನು ಫಾರ್ಮ್ಯಾಟ್ ಮಾಡುತ್ತವೆ. ಮದುವೆ ಫೋಟೋ ಇರುವ ಡ್ರೈವ್ ದಯವಿಟ್ಟು ಹಾಕಬೇಡಿ. ಹಲವು ಟಿವಿಗಳು ರೆಕಾರ್ಡಿಂಗನ್ನು ತಮ್ಮದೇ ಕೀಲಿಯಿಂದ ಬೀಗ ಹಾಕಿಡುತ್ತವೆ. ಅಂಥದ್ದು ಕಂಪ್ಯೂಟರಿನಲ್ಲೂ ಓಡದು, ಪಕ್ಕದ ಮನೆಯ ಅದೇ ಮಾಡೆಲ್ ಟಿವಿಯಲ್ಲೂ ಓಡದು. ರಿಪೇರಿಯಲ್ಲಿ ಮೇನ್ ಬೋರ್ಡ್ ಬದಲಾಯಿಸಿದರೆ ನಿಮ್ಮ ಟಿವಿಯಲ್ಲೇ ಓಡದೆ ಹೋಗಬಹುದು.