ಉತ್ತರ ಕೊಟ್ಟವರು ಆ ಪಾಠಕ್ಕೆ ಕುಳಿತಿದ್ದರಾ?

ಅಭ್ಯಾಸಕ್ಕೆ ನಾನೇ ಒಂದು ಲೆಕ್ಕ ಮಾಡಿಕೊಂಡಿದ್ದೇನೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಬೆಳೆಗಾರರಿಗೆ ಒಂದು ದಿನದ ತರಬೇತಿ. ಬೆಳಿಗ್ಗೆ ಒಣಗಿಸುವ ಪಾಠ, ಊಟದ ನಂತರ ಬಣ್ಣ ನೋಡಿ ವಿಂಗಡಿಸುವ ಪಾಠ. ಹೆಸರು ಬರೆಸಿದವರು 60, ಬಂದವರು 41, ಮಧ್ಯಾಹ್ನವೂ ಕುಳಿತವರು 29.

ಸಂಜೆ ವಾಟ್ಸಾಪ್ ಗುಂಪಿಗೆ ಪಾಠ ಹೇಗಿತ್ತು ಎಂದು ಕೇಳುವ ಗೂಗಲ್ ಫಾರ್ಮ್ ಹಾಕಿದರೆ 33 ಉತ್ತರ ಬರುತ್ತವೆ. ಗುಂಪಿನಲ್ಲಿ ಬಾರದವರೂ ಇರ್ತಾರೆ, ಅಲ್ವಾ? ನಾಲ್ಕು ಉತ್ತರ ಅವರದು, ಎರಡು ಒಬ್ಬರೇ ಮತ್ತೆ ಒತ್ತಿದ್ದು. ಉಳಿದದ್ದು 27. ಹಾಗಾಗಿ ಉತ್ತರದ ಪ್ರಮಾಣ 60ಕ್ಕೆ 33 ಅಲ್ಲ, 41ಕ್ಕೆ 27. ಅಂದರೆ ಸುಮಾರು 66%.

ಯಾರ ಉತ್ತರ ಯಾರದ್ದು ಅಂತ ಹೊಂದಿಸಲು ಮೊಬೈಲ್ ನಂಬರ್ ನೆಚ್ಚಬೇಡಿ. ಒಬ್ಬರು +91 ಸೇರಿಸುತ್ತಾರೆ, ಇನ್ನೊಬ್ಬರು ನಡುವೆ ಜಾಗ ಬಿಡುತ್ತಾರೆ, ಮಗ ಅಪ್ಪನ ನಂಬರ್ ಕೊಟ್ಟಿರುತ್ತಾನೆ. ಹೆಸರು ಬರೆಸುವಾಗಲೇ B-017 ಥರ ಒಂದು ಸಂಖ್ಯೆ ಕೊಡಿ. ಹಾಜರಿ ಹಾಳೆಯಲ್ಲಿ ಆ ಸಂಖ್ಯೆಯ ಮುಂದೆ ಬೆಳಿಗ್ಗೆ ಒಂದು ಗುರುತು, ಊಟದ ಮೇಲೆ ಇನ್ನೊಂದು. ಎರಡನೇ ಗುರುತು ಬಿಟ್ಟರೆ ಮುಂದಿನದ್ಯಾವುದೂ ಆಗದು. ಫಾರ್ಮಿನ ಮೆನುವಿನಲ್ಲಿರುವ Pre-fill form ಬಳಸಿ ಆ ಸಂಖ್ಯೆ ಮೊದಲೇ ತುಂಬಿದ ಲಿಂಕನ್ನು ಒಬ್ಬೊಬ್ಬರಿಗೂ ಬೇರೆ ಬೇರೆ ಕಳಿಸಿ. ಒಂದೇ ಫೋನ್ ಬಳಸುವ ಅಣ್ಣ ತಮ್ಮ ಒಂದೇ ಲಿಂಕಿನಿಂದ ಉತ್ತರಿಸಬಹುದು. ಹಾಗಾಗಿ ಸಂಖ್ಯೆ ಎರಡು ಸಲ ಕಂಡ ಕೂಡಲೇ ಒಂದನ್ನು ಅಳಿಸಬೇಡಿ, ಕೇಳಿ ನೋಡಿ.

ಉತ್ತರಗಳು ಬೀಳುವ ಗೂಗಲ್ ಶೀಟ್‌ನಲ್ಲೇ ಹಾಜರಿಗೂ ಒಂದು ಹಾಳೆ ಮಾಡಿ, ಅದಕ್ಕೆ Attended ಎಂದು ಹೆಸರಿಡಿ. A ಕಾಲಮ್ಮಿನಲ್ಲಿ ಸಂಖ್ಯೆ, C ಕಾಲಮ್ಮಿನಲ್ಲಿ ಮಧ್ಯಾಹ್ನ ಇದ್ದರೆ Y. ಉತ್ತರಗಳ ಹಾಳೆಯಲ್ಲಿ ಸಂಖ್ಯೆ B2ನಲ್ಲಿದ್ದರೆ ಹೀಗೆ:

```
=COUNTIFS(Attended!A:A,TRIM(B2),Attended!C:C,"Y")
```

1 ಬಂದರೆ ಮಧ್ಯಾಹ್ನವೂ ಕುಳಿತಿದ್ದರು, 0 ಬಂದರೆ ಇಲ್ಲ. 2 ಬಂದರೆ ಹಾಜರಿಯಲ್ಲೇ ಸಂಖ್ಯೆ ಎರಡು ಸಲ ಬಿದ್ದಿದೆ.

ಪ್ರಶ್ನೆ ಮೂರು ಸಾಕು. ಒಣಗಿಸುವ ಪಾಠ ಎಷ್ಟು ಉಪಯೋಗ ಆಯಿತು, ವಿಂಗಡಿಸುವ ಪಾಠ ಎಷ್ಟು ಉಪಯೋಗ ಆಯಿತು, ಅರ್ಥವಾಗದೆ ಉಳಿದದ್ದು ಏನು. 'ಪಾಠ ಮತ್ತು ಊಟ ಹೇಗಿತ್ತು' ಎಂದು ಕೇಳಿದರೆ ಅಂಕ ಯಾವುದಕ್ಕೆ ಬಿತ್ತು ಎಂದು ತಿಳಿಯುವುದಿಲ್ಲ. ಎರಡನೆಯ ಪ್ರಶ್ನೆಗೆ 'ನಾನು ಆಗ ಇರಲಿಲ್ಲ' ಎಂಬ ಆಯ್ಕೆಯನ್ನೂ ಇಡಿ.

ನನ್ನ ಲೆಕ್ಕದಲ್ಲಿ ಆ ಆಯ್ಕೆ ಇರಲಿಲ್ಲ. ವಿಂಗಡಿಸುವ ಪಾಠಕ್ಕೆ 9 ಜನ ಕಡಿಮೆ ಅಂಕ ಕೊಟ್ಟರು. ಸೂತ್ರ ಹಾಕಿದಾಗ ಅವರಲ್ಲಿ 5 ಜನಕ್ಕೆ 0 ಬಂತು. ಅವರು ಊಟ ಮುಗಿಸಿ ಬಸ್ಸಿಗೆ ಹೋದವರು. ಪಾಠ ಕೇಳಿ ಅತೃಪ್ತರಾದವರು 4 ಜನ ಮಾತ್ರ, ಅದೂ ಮಧ್ಯಾಹ್ನ ಕುಳಿತು ಉತ್ತರಿಸಿದ 21 ಮಂದಿಯಲ್ಲಿ. ಪಾಠ ಬದಲಿಸುವ ಮೊದಲು ಸಮಯ ಬದಲಿಸಿ ನೋಡಬೇಕು.

ಹೀಗೆ ಸಂಖ್ಯೆ ಜೋಡಿಸಿದ ಮೇಲೆ 'ನಿಮ್ಮ ಗುರುತು ಗೊತ್ತಾಗಲ್ಲ' ಎಂದು ಬರೆಯುವುದು ಸುಳ್ಳು. ಸಂಖ್ಯೆಯಿಂದ ಗುರುತು ತಿಳಿಯುತ್ತದೆ ಎಂದು ಫಾರ್ಮಿನ ಮೇಲ್ಭಾಗದಲ್ಲೇ ತಿಳಿಸಿ. ಸಂಕೋಚದ ವಿಷಯವಾದರೆ ಸಂಖ್ಯೆ ಬಿಟ್ಟು, ಹೊರಡುವಾಗ ಬಾಗಿಲಲ್ಲಿ ಚೀಟಿ ಕೊಡಿ: ಊಟಕ್ಕೆ ಹೊರಟವರಿಗೆ ಹಳದಿ, ಸಂಜೆ ಹೊರಟವರಿಗೆ ಬಿಳಿ. ಹೆಸರಿಲ್ಲದಿದ್ದರೂ ಯಾವ ಗುಂಪಿನ ಉತ್ತರ ಎಂಬುದು ಉಳಿಯುತ್ತದೆ.