ಮೆದುಳು ಜ್ವರದ ಲಸಿಕೆ: ಮನೆ ಬಾಗಿಲಲ್ಲಿ ಕೇಳುವ ಪ್ರಶ್ನೆಗಳಿಗೆ ಓದಿ ಹೇಳುವಂಥ ಉತ್ತರಗಳು

ಕೋಲಾರ ಕಡೆಯ ಹಳ್ಳಿಗಳಿಗೆ ಲಸಿಕೆ ಅಭಿಯಾನಕ್ಕೆ ಹೋಗಲು ನನ್ನ ಜೊತೆ ತರಬೇತಿ ಪಡೆಯುತ್ತಿರುವವರಿಗಾಗಿ ಈ ಟಿಪ್ಪಣಿ. ಪಾಠದಲ್ಲಿ ಇರುವುದನ್ನೇ ಮತ್ತೆ ಬರೆದಿಲ್ಲ. ಓದು ಬರಹ ಕಡಿಮೆ ಇರುವ ತಾಯಂದಿರು, ಅಜ್ಜಿಯರು ಏನು ಕೇಳುತ್ತಾರೆ, ಅದಕ್ಕೆ ಯಾವ ಮಾತಿನಲ್ಲಿ ಹೇಳಿದರೆ ತಲುಪುತ್ತದೆ ಅನ್ನುವುದನ್ನು ಬರೆದಿದ್ದೇನೆ. ಪುಸ್ತಕದಲ್ಲಿ ಈ ಕಾಯಿಲೆಗೆ ಉದ್ದದ ಹೆಸರಿದೆ, ಜಪಾನೀಸ್ ಎನ್ಸೆಫಲೈಟಿಸ್ ಅಂತ. ಮನೆ ಬಾಗಿಲಲ್ಲಿ ಅದು ಬೇಡ. ಮೆದುಳು ಜ್ವರ ಅಂದರೆ ಸಾಕು. ಕಾರ್ಡಿನಲ್ಲಿ ಜೆಇ ಅಂತ ಇರುತ್ತದೆ, ಆ ಜಾಗವನ್ನು ಬೆರಳಿಟ್ಟು ತೋರಿಸಿ.

"ಊರಲ್ಲಿ ಎಲ್ಲರೂ ಹಾಕಿಸಿದ್ದಾರಲ್ಲ, ನಮ್ಮ ಒಂದು ಮಗುಗೆ ಬಿಟ್ಟರೆ ಏನಾಗುತ್ತೆ?"

ಇದು ತುಂಬಾ ಒಳ್ಳೆಯ ಪ್ರಶ್ನೆ. ಸುಮ್ನೆ ಗದರಿಸಿ ಮುಂದೆ ಹೋಗಬೇಡಿ. ದಡಾರದ ವಿಷಯದಲ್ಲಿ ಈ ಅಮ್ಮ ಹೇಳುವುದರಲ್ಲಿ ಸ್ವಲ್ಪ ನಿಜ ಇದೆ. ದಡಾರ ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ. ಸುತ್ತ ಇರುವ ಮಕ್ಕಳಿಗೆಲ್ಲ ಲಸಿಕೆ ಆಗಿದ್ದರೆ ಕಾಯಿಲೆ ಈ ಮಗುವಿನ ತನಕ ಬರುವುದು ಕಷ್ಟ.

ಮೆದುಳು ಜ್ವರ ಹಾಗಲ್ಲ. ಅದು ಮನುಷ್ಯರಿಂದ ಮನುಷ್ಯರಿಗೆ ಬರುವುದೇ ಇಲ್ಲ. ಅದರ ವೈರಾಣು ಇರುವುದು ಬೆಳ್ಳಕ್ಕಿಯಂಥ ನೀರಹಕ್ಕಿಗಳಲ್ಲಿ ಮತ್ತು ಹಂದಿಗಳಲ್ಲಿ. ಸೊಳ್ಳೆ ಅವುಗಳ ರಕ್ತ ಹೀರುತ್ತದೆ. ಕೆಲವು ದಿನ ಕಳೆದ ಮೇಲೆ ಅದೇ ಸೊಳ್ಳೆ ಮಗುವಿಗೆ ಕಚ್ಚಿದರೆ ವೈರಾಣು ಮಗುವಿಗೆ ಬರುತ್ತದೆ. ಊರಿನ ನೂರು ಮಕ್ಕಳಿಗೆ ಲಸಿಕೆ ಹಾಕಿದರೂ ಹಕ್ಕಿಯಲ್ಲಿರುವ ವೈರಾಣು ಕಡಿಮೆ ಆಗುವುದಿಲ್ಲ, ಸೊಳ್ಳೆಯೂ ಕಚ್ಚುವುದು ಬಿಡುವುದಿಲ್ಲ. ಅಂದರೆ ಇಲ್ಲಿ ಪಕ್ಕದ ಮನೆ ಮಗುವಿನ ಲಸಿಕೆ ಪಕ್ಕದ ಮನೆ ಮಗುವನ್ನು ಮಾತ್ರ ಕಾಯುತ್ತದೆ.

ಹೀಗೆ ಹೇಳಬಹುದು: "ಅಮ್ಮಾ, ಈ ಜ್ವರ ಮಕ್ಕಳಿಂದ ಮಕ್ಕಳಿಗೆ ಬರಲ್ಲ. ಸೊಳ್ಳೆಯಿಂದ ಬರುತ್ತೆ. ಬೇರೆ ಮಕ್ಕಳಿಗೆ ಹಾಕಿದ್ದು ನಿಮ್ಮ ಮಗುಗೆ ಸೇರಲ್ಲ."

ಇದರಲ್ಲೇ ಇನ್ನೊಂದು ಉತ್ತರವೂ ಇದೆ. ಕಾಯಿಲೆ ಬಂದ ಮಗುವನ್ನು ಮುಟ್ಟಿದರೆ, ಅದರ ತಟ್ಟೆಯಲ್ಲಿ ಉಂಡರೆ ಏನೂ ಆಗುವುದಿಲ್ಲ. ಅಂಥ ಮನೆಯವರನ್ನು ದೂರ ಇಡುವ ಊರುಗಳಿದ್ದರೆ ಇದನ್ನು ಮರೆಯದೆ ಹೇಳಿ.

"ನಮ್ಮ ಬೀದಿಯಲ್ಲಿ ಹಂದಿನೇ ಇಲ್ಲ"

ಹಂದಿ ಇಲ್ಲದಿದ್ದರೂ ಕೆರೆ ಇದೆ, ಕೆರೆ ಕೆಳಗೆ ಗದ್ದೆ ಇದೆ, ಗದ್ದೆಯಲ್ಲಿ ಬೆಳ್ಳಕ್ಕಿ ಇದೆ ಅಲ್ವಾ? ಈ ಜ್ವರ ತರುವುದು ಕ್ಯೂಲೆಕ್ಸ್ ಜಾತಿಯ ಸೊಳ್ಳೆ. ನಿಂತ ನೀರಿನ ಗದ್ದೆ, ಕುಂಟೆ, ಹಳ್ಳ ಅದಕ್ಕೆ ಇಷ್ಟ. ಡೆಂಗಿ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ, ಮನೆಯ ಡ್ರಮ್ಮು ತೊಟ್ಟಿಗಳಲ್ಲಿ ಮೊಟ್ಟೆ ಇಡುತ್ತದೆ. ಇದು ಕತ್ತಲಾಗುವ ಹೊತ್ತಿನಿಂದ ಬೆಳಗಿನ ತನಕ ಕಚ್ಚುತ್ತದೆ. ಮನೆಯಲ್ಲಿ ನೀರಿನ ಡ್ರಮ್ಮು ಮುಚ್ಚಿಟ್ಟಿದ್ದೇವೆ, ಅದೇ ಸಾಕು ಅನ್ನುವವರಿಗೆ ಈ ವ್ಯತ್ಯಾಸ ತಿಳಿಸಬೇಕು. ಲಸಿಕೆ ಆದ ಮೇಲೂ ರಾತ್ರಿ ಸೊಳ್ಳೆ ಪರದೆ ಬೇಕು, ಯಾಕೆಂದರೆ ಮಲೇರಿಯಾಕ್ಕೂ ಬೇರೆ ಬಗೆಯ ಮೆದುಳು ಜ್ವರಗಳಿಗೂ ಈ ಲಸಿಕೆ ಕೆಲಸ ಮಾಡುವುದಿಲ್ಲ.

"ಇದು ಎಲ್ಲಿಂದ ತಂದ ಔಷಧ? ನಮ್ಮ ಮಕ್ಕಳ ಮೇಲೆ ಪರೀಕ್ಷೆ ಮಾಡ್ತಾ ಇದ್ದೀರಾ?"

ಕೋಲಾರದವರಿಗೆ ಕೊಡಲು ಇದಕ್ಕೊಂದು ಗಟ್ಟಿ ಉತ್ತರ ಇದೆ. 1970ರ ದಶಕದ ಕೊನೆಯಲ್ಲಿ ಕೋಲಾರ ಜಿಲ್ಲೆಯಲ್ಲಿ ಈ ಜ್ವರ ಜೋರಾಗಿ ಬಂದಿತ್ತು. ಆಗ ಚಿಕ್ಕಬಳ್ಳಾಪುರವೂ ಕೋಲಾರಕ್ಕೇ ಸೇರಿತ್ತು. 1980ರ ದಶಕದ ಶುರುವಿನಲ್ಲಿ ಕೋಲಾರದಲ್ಲೇ ಒಂದು ವೈರಾಣುವನ್ನು ಬೇರ್ಪಡಿಸಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ ಇಟ್ಟುಕೊಂಡರು. ಮುಂದೆ ಅದೇ ವೈರಾಣುವಿನಿಂದ ಹೈದರಾಬಾದಿನ ಭಾರತ್ ಬಯೋಟೆಕ್ ಕಂಪನಿ ಜೆನ್ವ್ಯಾಕ್ ಅನ್ನುವ ಲಸಿಕೆ ಮಾಡಿತು. ಅದು ಬಳಕೆಗೆ ಬಂದಿದ್ದು 2013ರಲ್ಲಿ. ಈ ಸಂಗತಿ ನಮ್ಮ ಜಿಲ್ಲೆಯಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಜೆನ್ವ್ಯಾಕ್‌ನಲ್ಲಿ ಇರುವುದು ಸತ್ತ ವೈರಾಣು. ಸತ್ತ ಹಾವನ್ನು ತೋರಿಸಿ "ಇಂಥದ್ದು ಕಂಡರೆ ಹುಷಾರು" ಅಂತ ಮಕ್ಕಳಿಗೆ ಕಲಿಸಿದ ಹಾಗೆ, ಮೈಗೆ ಅದರ ಗುರುತು ಹಿಡಿಸುವುದಷ್ಟೇ ಅದರ ಕೆಲಸ. ಅದರಿಂದ ಮೆದುಳು ಜ್ವರ ಬರುವುದಿಲ್ಲ. ಶಕ್ತಿ ಕುಂದಿಸಿದ ವೈರಾಣುವಿನ ಇನ್ನೊಂದು ಬಗೆಯ ಲಸಿಕೆಯೂ ಇದೆ. ನಿಮ್ಮ ಕೇಂದ್ರಕ್ಕೆ ಯಾವುದು ಬಂದಿದೆ ಅಂತ ಸಿಸ್ಟರನ್ನು ಮೊದಲೇ ಕೇಳಿಟ್ಟುಕೊಂಡು ಹೋಗಿ.

ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಈ ಲಸಿಕೆ ಮೊದಲಿನಿಂದ ಇತ್ತು. ತುಮಕೂರೂ ಸೇರಿ ಇನ್ನೂ 10 ಜಿಲ್ಲೆಗಳಲ್ಲಿ 2022ರ ಡಿಸೆಂಬರ್‌ನಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಅಭಿಯಾನ ನಡೆಸಿ ಶುರು ಮಾಡಿದರು.

"ಅಷ್ಟು ದೊಡ್ಡ ಕಾಯಿಲೆನಾ? ಬಂದರೆ ಮಾತ್ರೆ ಕೊಟ್ಟರಾಯ್ತು"

ಹೆದರಿಸಬೇಡಿ, ಆದರೆ ಮುಚ್ಚಿಡಲೂ ಬೇಡಿ. ವೈರಾಣು ಮೈಗೆ ಹೊಕ್ಕ ಬಹಳಷ್ಟು ಮಕ್ಕಳಿಗೆ ಏನೂ ಆಗುವುದಿಲ್ಲ. ಸುಮಾರು 250 ಜನರಲ್ಲಿ ಒಬ್ಬರಿಗೆ ಅದು ಮೆದುಳಿಗೆ ಏರುತ್ತದೆ. ಹಾಗೆ ಏರಿದವರಲ್ಲಿ 100ಕ್ಕೆ 30 ಜನರವರೆಗೂ ಸಾಯಬಹುದು. ಬದುಕಿ ಉಳಿದವರಲ್ಲೂ ಎಷ್ಟೋ ಮಕ್ಕಳಿಗೆ ಕೈಕಾಲು ಸ್ವಾಧೀನ ತಪ್ಪುವುದು, ಫಿಟ್ಸ್, ಮಾತು ನಿಲ್ಲುವುದು ಹೀಗೆ ತೊಂದರೆ ಉಳಿದುಬಿಡುತ್ತದೆ. ಈ ವೈರಾಣುವನ್ನು ಕೊಲ್ಲುವ ಮಾತ್ರೆ ಇಲ್ಲ. ಆಸ್ಪತ್ರೆಯಲ್ಲಿ ಜ್ವರ ಇಳಿಸಿ, ಫಿಟ್ಸ್ ತಡೆದು, ಉಸಿರಾಟ ನೋಡಿಕೊಳ್ಳುತ್ತಾರೆ. ಜೋರು ಜ್ವರದ ಜೊತೆ ವಾಂತಿ, ಕತ್ತು ಬಿಗಿ, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು ಕಂಡರೆ ತಾಯತ ಕಟ್ಟಿಸುತ್ತಾ ಕೂರದೆ 108ಕ್ಕೆ ಫೋನ್ ಮಾಡಬೇಕು.

"ಇಂಜೆಕ್ಷನ್ ಹಾಕಿಸಿದರೆ ಜ್ವರ ಬರುತ್ತೆ, ನಾನು ಕೂಲಿಗೆ ಹೋಗಬೇಕು"

ಹೆಚ್ಚು ಮನೆಗಳು ಹಿಂದೆ ಸರಿಯುವುದು ಇಲ್ಲೇ. ಆದ್ದರಿಂದ ಒಂದು ಮಗುವನ್ನು ಇಟ್ಟುಕೊಂಡು ನೋಡೋಣ. ಮುಳಬಾಗಿಲು ಕಡೆಯ ಒಂದು ಹೆಣ್ಣು ಮಗು ಅಂತ ಇಟ್ಟುಕೊಳ್ಳಿ. 9 ತಿಂಗಳು ತುಂಬಿದೆ, ತೂಕ 8 ಕಿಲೊ. ಗುರುವಾರ ಅಂಗನವಾಡಿಗೆ ಕರೆತಂದಿದ್ದಾರೆ. ಸ್ವಲ್ಪ ನೆಗಡಿ ಇದೆ, ಆದರೆ ಜ್ವರ ಇಲ್ಲ, ಹಾಲು ಕುಡಿಯುತ್ತಿದೆ. ನೆಗಡಿಗೆ ಲಸಿಕೆ ತಪ್ಪಿಸಬೇಕಾಗಿಲ್ಲ. ಜೋರು ಜ್ವರ ಇದ್ದರೆ ಮಾತ್ರ ಮುಂದೆ ಹಾಕುತ್ತಾರೆ.

ಇವತ್ತು ಮಗುವಿಗೆ ದಡಾರ-ರುಬೆಲ್ಲಾ ಲಸಿಕೆಯನ್ನು ಬಲ ತೋಳಿಗೆ ಹಾಕುತ್ತಾರೆ. ಮೆದುಳು ಜ್ವರದ್ದನ್ನು ಎಡಗಡೆ ಹಾಕುತ್ತಾರೆ. ಯಾವ ಕಡೆ ಯಾವುದು ಅಂತ ತಾಯಿಗೆ ಹೇಳಿ. ನಾಳೆ ಎಲ್ಲಿ ಊದಿದೆ ಅಂತ ನೋಡಿದರೆ ಯಾವುದರಿಂದ ಅಂತ ಗೊತ್ತಾಗುತ್ತದೆ. ಆಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿ. ಮೈಯೆಲ್ಲ ದದ್ದು, ಮುಖ ಊದುವುದು, ಉಸಿರು ಕಟ್ಟುವುದು ಅಪರೂಪ, ಆದರೆ ಬಂದರೆ ಬೇಗ ಬರುತ್ತದೆ. ಅದಕ್ಕೆ ಬೇಕಾದ ಔಷಧ ಸಿಸ್ಟರ್ ಹತ್ತಿರ ಇರುತ್ತದೆ, ಬಸ್ ಸ್ಟಾಪಿನಲ್ಲಿ ಇರುವುದಿಲ್ಲ.

ಮೆದುಳು ಜ್ವರದ ಲಸಿಕೆಯಿಂದ ಬರುವ ಜ್ವರ ಅವತ್ತೋ ಮಾರನೇ ದಿನವೋ ಬಂದು ಇಳಿಯುತ್ತದೆ. ದಡಾರದ ಲಸಿಕೆ ಬೇರೆ ಥರ. ಅದರ ಜ್ವರ ಒಂದು ವಾರ ಕಳೆದ ಮೇಲೆ ಬರಬಹುದು, ಕೆಲವರಿಗೆ ಸಣ್ಣ ದದ್ದೂ ಏಳುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಎಂಟನೇ ದಿನ ಜ್ವರ ಬಂದಾಗ "ಇಂಜೆಕ್ಷನ್ ಕೆಟ್ಟುಹೋಯ್ತು" ಅಂತ ಊರೆಲ್ಲ ಸುದ್ದಿ ಆಗುತ್ತದೆ.

ಈಗ ಪ್ಯಾರಾಸಿಟಮಾಲ್ ವಿಷಯ. ಇಲ್ಲಿ ನಿಜವಾದ ಅಪಾಯ ಇದೆ. ಒಂದು ಕಿಲೊ ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ ಅಂತ ಲೆಕ್ಕ. ನಮ್ಮ 8 ಕಿಲೊ ಮಗುವಿಗೆ 80ರಿಂದ 120 ಮಿಲಿಗ್ರಾಂ. 5 ಎಂಎಲ್‌ನಲ್ಲಿ 125 ಮಿಲಿಗ್ರಾಂ ಇರುವ ಬಾಟಲಿ ಆದರೆ 4 ಎಂಎಲ್ ಕೊಟ್ಟರೆ 100 ಮಿಲಿಗ್ರಾಂ, ಸರಿಯಾಯಿತು. ಆದರೆ ಅಂಗಡಿಯಲ್ಲಿ 5 ಎಂಎಲ್‌ಗೆ 250 ಇರುವ ಬಾಟಲಿಯೂ ಸಿಗುತ್ತದೆ. ಅದರಲ್ಲಿ 4 ಎಂಎಲ್ ಅಂದರೆ ಎರಡರಷ್ಟು ಔಷಧ. ಹನಿ ಹಾಕುವ ಚಿಕ್ಕ ಬಾಟಲಿಯಲ್ಲಿ 1 ಎಂಎಲ್‌ಗೇ 100 ಇರುತ್ತದೆ. ಅದನ್ನು 4 ಎಂಎಲ್ ಕುಡಿಸಿದರೆ ನಾಲ್ಕರಷ್ಟು! ಮಗುವಿನ ಲಿವರ್‌ಗೆ ಅದು ಒಳ್ಳೆಯದಲ್ಲ.

ಈ ಲೆಕ್ಕ ನಮಗೆ. ತಾಯಿಗೆ ಹೇಳುವುದು ಇಷ್ಟೇ: "ಮನೆಯಲ್ಲಿರೋ ಹಳೇ ಬಾಟಲಿ ಬೇಡ. ಸಿಸ್ಟರ್ ಕೊಟ್ಟಿದ್ದೇ ಕೊಡಿ. ಈ ಗೆರೆ ತನಕ ಮಾತ್ರ. ಇನ್ನೊಂದು ಸಲ ಕೊಡೋಕೆ ಆರು ಗಂಟೆ ಬಿಡಿ." ಅಳತೆಯ ಮುಚ್ಚಳದ ಮೇಲೆ ಪೆನ್ನಿನಿಂದ ಗೆರೆ ಎಳೆದು ಕೊಡಿ. ಅಕ್ಷರ ಬರದವರಿಗೂ ಗೆರೆ ಕಾಣುತ್ತದೆ. ಮುಳಬಾಗಿಲು ಕಡೆ ಎಷ್ಟೋ ಮನೆಗಳಲ್ಲಿ ತೆಲುಗು ಮಾತಾಡುತ್ತಾರೆ, ಈ ನಾಲ್ಕು ಮಾತನ್ನು ತೆಲುಗಿನಲ್ಲೂ ಕಲಿತಿರಿ.

ಚುಚ್ಚಿದ ಜಾಗಕ್ಕೆ ಎಣ್ಣೆ, ಅರಿಶಿನ, ಸುಣ್ಣ ಯಾವುದೂ ಬೇಡ. ಉಜ್ಜುವುದೂ ಬೇಡ. ಎದೆಹಾಲು ನಿಲ್ಲಿಸಬಾರದು. ಜ್ವರ ಎರಡು ದಿನ ದಾಟಿದರೆ, ಫಿಟ್ಸ್ ಬಂದರೆ, ಹಾಲು ಕುಡಿಯದೆ ಮಂಕಾದರೆ ಆಸ್ಪತ್ರೆಗೆ ಹೋಗಬೇಕು. ಲಸಿಕೆಯಿಂದ ಬಂದಿರಲಿ, ಬೇರೆ ಕಾರಣಕ್ಕೆ ಬಂದಿರಲಿ, ಅದನ್ನು ಡಾಕ್ಟರ್ ನೋಡಿಯೇ ಹೇಳಬೇಕು.

"ಎರಡನೇದು ಹಾಕಿಸೋದು ಮರೆತುಹೋಯ್ತು", "ಕಾರ್ಡು ಕಳೆದುಹೋಯ್ತು"

ಮೊದಲನೇ ಡೋಸ್ 9 ತಿಂಗಳು ತುಂಬಿದ ಮೇಲೆ, ಎರಡನೇದು 16ರಿಂದ 24 ತಿಂಗಳ ಒಳಗೆ. ಎರಡನೇದು ತಡವಾದರೆ ಮೊದಲಿನಿಂದ ಶುರು ಮಾಡಬೇಕಾಗಿಲ್ಲ. ಉಳಿದದ್ದನ್ನು ಹಾಕಿದರೆ ಆಯಿತು. ಮದುವೆ, ಸುಗ್ಗಿ ಅಂತ ಊರು ಬಿಟ್ಟು ಹೋದವರು ಬೈಗುಳಕ್ಕೆ ಹೆದರಿ ಬರದೆ ಇರುತ್ತಾರೆ. ಬೈಯುವ ನಮ್ಮವರೂ ಇದ್ದಾರೆ, ಅದರಿಂದ ಒಂದು ಮಗು ಹೆಚ್ಚಾಗಿ ಬಂದಿದ್ದನ್ನು ನಾನು ನೋಡಿಲ್ಲ. ತಾಯಿ ಕಾರ್ಡು ಕಳೆದಿದ್ದರೆ ಆಶಾ ಅಕ್ಕನ ಪಟ್ಟಿಯಲ್ಲಿ, ಸಿಸ್ಟರ್ ರಿಜಿಸ್ಟರಿನಲ್ಲಿ ಅಥವಾ ಯು-ವಿನ್‌ನಲ್ಲಿ ಫೋನ್ ನಂಬರ್ ಹಾಕಿ ಹುಡುಕಬಹುದು. ಅಪ್ಪನ ನಂಬರ್ ಕೊಟ್ಟಿದ್ದರೋ ಅಮ್ಮನದೋ ಅನ್ನುವುದರಲ್ಲೇ ಹೆಚ್ಚು ಹೊತ್ತು ಹೋಗುತ್ತದೆ.

"ನಮಗೆ ದೊಡ್ಡವರಿಗೆ ಬೇಡವಾ?"

ನಮ್ಮಲ್ಲಿ 15 ವರ್ಷದ ತನಕದ ಮಕ್ಕಳಿಗೆ ಮಾತ್ರ ಕೊಡುತ್ತಾರೆ. ಈ ವೈರಾಣು ಇರುವ ಜಾಗದಲ್ಲೇ ಬೆಳೆದ ದೊಡ್ಡವರಲ್ಲಿ ಎಷ್ಟೋ ಜನಕ್ಕೆ ಚಿಕ್ಕಂದಿನಲ್ಲೇ ಅದು ಗೊತ್ತಾಗದ ಹಾಗೆ ಬಂದು ಹೋಗಿ, ತಡೆಯುವ ಶಕ್ತಿ ಬಂದಿರುತ್ತದೆ. ಮಕ್ಕಳ ಮೈ ಅದನ್ನು ಇನ್ನೂ ನೋಡಿಲ್ಲ. ಆದ್ದರಿಂದ ಅಜ್ಜಿ ಕೇಳಿದರೆ ನಗಬೇಡಿ, "ನಿಮಗೆ ಪರದೆ ಸಾಕು ಅಜ್ಜಿ, ಮೊಮ್ಮಗೂಗೆ ಎರಡೂ ಬೇಕು" ಅನ್ನಿ.