ಏರುಮಡಿಯ ಮೂಲೆ ಬುಡದಲ್ಲೇ ಏಕೆ ಬಿಡುತ್ತದೆ?

ಯಲಹಂಕದ ನಮ್ಮ ಮನೆಯ ಹಿತ್ತಲಲ್ಲಿ ಸೊಪ್ಪು, ಬದನೆ ಬೆಳೆಯಲು ಹಲಗೆಯ ಏರುಮಡಿಯೊಂದಿದೆ. ಆರಡಿ ಉದ್ದ, ಮೂರಡಿ ಅಗಲ, ಒಂದಡಿ ಎತ್ತರ. ಈಗಿರುವುದು ಎರಡನೆಯದು. ಮೊದಲನೆಯದನ್ನು ಮೂಲೆಗೆ ನಾಲ್ಕು ನಾಲ್ಕು ಮೊಳೆ ಹೊಡೆದು ನಿಲ್ಲಿಸಿದ್ದೆ. ಬೇಸಿಗೆಯೆಲ್ಲ ಗಟ್ಟಿಯಾಗಿಯೇ ಇತ್ತು. ಅಕ್ಟೋಬರಿನಲ್ಲಿ ಮೂರು ರಾತ್ರಿ ಬಿಡದೆ ಮಳೆ ಸುರಿದ ಮೇಲೆ ಒಂದು ಮೂಲೆ ಬಿಟ್ಟುಕೊಂಡಿತು. ಮೇಲುಗಡೆ ಸಂದಿ ನೂಲಿನಷ್ಟು, ಬುಡದಲ್ಲಿ ಬೆರಳು ತೂರುವಷ್ಟು.

ಈ ವ್ಯತ್ಯಾಸದಲ್ಲೇ ಕಾರಣವಿದೆ. ಮಣ್ಣು ಹಲಗೆಯನ್ನು ಹೊರಕ್ಕೆ ತಳ್ಳುವ ಒತ್ತಡ ಕೆಳಗಿಳಿದಂತೆ ಹೆಚ್ಚುತ್ತದೆ. ಈ ಅಳತೆಯ ಮಡಿಯಲ್ಲಿ ಆರಡಿಯ ಒಂದು ಬದಿಯ ಮೇಲೆ ಹಸಿ ಮಣ್ಣಿನ ತಳ್ಳುವಿಕೆ ಸುಮಾರು 75 ಕೆ.ಜಿ. ಭಾರದಷ್ಟು. ಅದೇ ಮಣ್ಣಿನಲ್ಲಿ ಮೇಲಿನವರೆಗೂ ನೀರು ನಿಂತರೆ ಮಣ್ಣಿನ ಜೊತೆ ನೀರೂ ತಳ್ಳುವುದರಿಂದ ಅದು 120 ಕೆ.ಜಿ.ಯ ಆಸುಪಾಸಿಗೆ ಏರುತ್ತದೆ. ಹಾಗಾಗಿ ಮೂಲೆಯ ಜೋಡಣೆ ಬೇರೆ, ನೀರು ಬಸಿಯುವ ವ್ಯವಸ್ಥೆ ಬೇರೆ ಎಂದು ನೋಡಲಾಗದು.

ಮೊಳೆ ಕಿತ್ತು ಬಂದದ್ದಕ್ಕೆ ಇನ್ನೊಂದು ಕಾರಣ ಮರದ ನಾರಿನಲ್ಲಿತ್ತು. ಬಿಗಿಯಾಗಿ ಕಟ್ಟಿದ ತೆಂಗಿನ ಕಡ್ಡಿಯ ಪೊರಕೆಗೆ ತುದಿಯಿಂದ ಒಂದು ಕಡ್ಡಿ ತುರುಕಿ ಎಳೆದರೆ ಸಲೀಸಾಗಿ ಬರುತ್ತದೆ. ಅಡ್ಡಲಾಗಿ ತೂರಿಸಿದ್ದನ್ನು ಉಳಿದವು ಒತ್ತಿ ಹಿಡಿಯುತ್ತವೆ. ಹಲಗೆಯ ತುದಿಗೆ ಹೊಡೆದ ಮೊಳೆಯೂ ನಾರಿನ ಉದ್ದಕ್ಕೇ ಇಳಿದಿರುತ್ತದೆ, ಅದಕ್ಕೆ ಹಿಡಿತ ಕಡಿಮೆ. ಸಾಲದ್ದಕ್ಕೆ ಮರ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗಿ, ಬೇಸಿಗೆಯಲ್ಲಿ ಕುಗ್ಗಿ ಮೊಳೆಯನ್ನು ಸಡಿಲಿಸುತ್ತಲೇ ಇರುತ್ತದೆ.

ಎರಡನೇ ಸಲ ಬಡಗಿಯೊಬ್ಬರನ್ನು ಕರೆಸಿದೆ. ಹಲಗೆಯ ತುದಿಗೆ ಏನನ್ನೂ ಹೊಡೆಯುವುದು ಬೇಡವೆಂದು ಇಬ್ಬರೂ ಮೊದಲೇ ತೀರ್ಮಾನಿಸಿದೆವು. ನಾಲ್ಕು ಮೂಲೆಗೂ ಒಳಗಡೆ ಎರಡೂವರೆ ಇಂಚು ಚೌಕದ ಗೂಟ ನಿಲ್ಲಿಸಿ, ಹಲಗೆಗಳನ್ನು ಅದಕ್ಕೆ ಬಿಗಿದೆವು. ಹೀಗೆ ಮಾಡಿದರೆ ಸ್ಕ್ರೂ ಗೂಟದ ನಾರಿಗೆ ಅಡ್ಡಲಾಗಿ ಕಚ್ಚುತ್ತದೆ. ಒಂದಡಿಯ ಒಂದೇ ಹಲಗೆಯ ಬದಲು ಆರಿಂಚಿನ ಎರಡನ್ನು ಒಂದರ ಮೇಲೊಂದು ಇಟ್ಟು, ಹಿಗ್ಗಲು ನಡುವೆ ಸಣ್ಣ ಸಂದಿ ಬಿಟ್ಟೆವು. ಕೆಳಸಾಲಿನಲ್ಲಿ ಉದ್ದದ ಹಲಗೆ ಅಡ್ಡ ಹಲಗೆಯ ತುದಿಯನ್ನು ಮುಚ್ಚಿದರೆ, ಮೇಲುಸಾಲಿನಲ್ಲಿ ಅಡ್ಡ ಹಲಗೆ ಉದ್ದದ್ದನ್ನು ಮುಚ್ಚುತ್ತದೆ, ಇಟ್ಟಿಗೆ ಗೋಡೆಯ ಮೂಲೆಯಂತೆ. ಒತ್ತಡ ಹೆಚ್ಚಿರುವ ಕೆಳಗಿನ ಉದ್ದ ಹಲಗೆಗಳಿಗೆ ಮಾತ್ರ ಸ್ಕ್ರೂ ಬದಲು ಗೂಟವನ್ನು ಹಾದುಹೋಗುವ ನಾಲ್ಕೂವರೆ ಇಂಚಿನ ಬೋಲ್ಟು ಹಾಕಿ, ಎರಡೂ ಕಡೆ ಅಗಲ ವಾಷರ್ ಕೊಟ್ಟು ಬಿಗಿದೆವು. ಬೋಲ್ಟು ಕೀಳಬೇಕಾದರೆ ಮರವೇ ಸೀಳಬೇಕು. ಎಲ್ಲಕ್ಕೂ ಮೊದಲೇ ತೂತು ಕೊರೆದೆವು, ಇಲ್ಲದಿದ್ದರೆ ಹಲಗೆಯ ಅಂಚು ಬಿರಿಯುತ್ತದೆ. ಆರಡಿಯ ಬದಿ ನಡುವೆ ಹೊಟ್ಟೆ ಉಬ್ಬದಿರಲೆಂದು ಹೊರಗಡೆ ಒಂದೊಂದು ಗೂಟವನ್ನೂ ನೆಲಕ್ಕೆ ಹೊಡೆದೆವು.

ಇನ್ನು ನೀರು. ತಳಕ್ಕೆ ಜಲ್ಲಿ ಹಾಸಿದರೆ ನೀರು ಬೇಗ ಇಳಿಯುತ್ತದೆಂದು ಬಹಳ ಜನ ನಂಬುತ್ತಾರೆ, ನಾನೂ ಮೊದಲ ಮಡಿಗೆ ಹಾಗೇ ಮಾಡಿದ್ದೆ. ಆಗುವುದು ಬೇರೆ. ಮಣ್ಣಿನ ಸಣ್ಣ ರಂಧ್ರಗಳು ನೀರನ್ನು ಬಿಗಿಯಾಗಿ ಹಿಡಿದಿರುತ್ತವೆ. ಕೆಳಗಿನ ಜಲ್ಲಿಯ ದೊಡ್ಡ ಸಂದಿಗಳಿಗೆ ಅದನ್ನು ಎಳೆದುಕೊಳ್ಳುವ ಶಕ್ತಿಯಿಲ್ಲ. ಮೇಲಿನ ಮಣ್ಣು ಪೂರ್ತಿ ತೊಯ್ದು ತುಂಬುವವರೆಗೂ ನೀರು ಕೆಳಗೆ ಜಾರುವುದಿಲ್ಲ. ಪಾತ್ರೆ ತೊಳೆಯುವ ಸ್ಪಂಜನ್ನು ನೆನೆಸಿ ಮಲಗಿಸಿ ಹಿಡಿದು, ತೊಟ್ಟಿಕ್ಕುವುದು ನಿಲ್ಲಲು ಬಿಡಿ. ಬಳಿಕ ಉದ್ದಕ್ಕೆ ನಿಲ್ಲಿಸಿದರೆ ಮತ್ತೆ ನೀರು ಸುರಿಯುತ್ತದೆ. ಮಣ್ಣಿನ ಪದರ ಎತ್ತರವಿದ್ದಷ್ಟೂ ಹೆಚ್ಚು ನೀರು ಬಸಿಯುತ್ತದೆ. ಜಲ್ಲಿ ಆ ಎತ್ತರವನ್ನೇ ತಿನ್ನುತ್ತದೆ.

ಹಾಗಾದರೆ ನೀರು ಎಲ್ಲಿಗೆ ಹೋಗಬೇಕು? ಕೆಳಗಿನ ನೆಲಕ್ಕೆ. ಅಲ್ಲಿ ಒಂದಡಿ ಗುಂಡಿ ತೆಗೆದು ನೀರು ತುಂಬಿಸಿ, ಅದು ಇಂಗಿದ ಮೇಲೆ ಮರುದಿನ ಮತ್ತೆ ತುಂಬಿಸಿ, ಗಂಟೆಗೆ ಎಷ್ಟು ಇಳಿಯಿತೆಂದು ಕಡ್ಡಿಯಿಂದ ಅಳೆದೆ. ಅರ್ಧ ಇಂಚೂ ಇಳಿದಿರಲಿಲ್ಲ. ಗಂಟೆಗೆ ಒಂದಿಂಚಿಗಿಂತ ಕಡಿಮೆಯಾದರೆ ತರಕಾರಿಯ ಬೇರಿಗೆ ಉಸಿರುಗಟ್ಟುತ್ತದೆ. ಹಾರೆ ಹಾಕಿದಾಗ ಎಂಟಿಂಚು ಕೆಳಗೆ ಮನೆ ಕಟ್ಟಿದಾಗಿನ ಸಿಮೆಂಟು, ಇಟ್ಟಿಗೆ ಚೂರು ಕೆಮ್ಮಣ್ಣಿನೊಂದಿಗೆ ಗಟ್ಟಿ ಕೂತಿತ್ತು. ಒಂದೂವರೆ ಅಡಿ ಆಳದವರೆಗೆ ಅದನ್ನು ಒಡೆದು ತೆಗೆದು, ಮಣ್ಣಿಗೆ ಗೊಬ್ಬರ ಬೆರೆಸಿ ಮತ್ತೆ ಅಳೆದರೆ ಎರಡೂವರೆ ಇಂಚು ಇಳಿಯಿತು. ಅದರ ಮೇಲೆ ಜಲ್ಲಿಯೂ ಇಲ್ಲ, ಪ್ಲಾಸ್ಟಿಕ್ ಹಾಳೆಯೂ ಇಲ್ಲ, ನೇರವಾಗಿ ಮಡಿಯ ಮಣ್ಣು. ಒಡೆದರೂ ನೀರು ಇಂಗದ ನೆಲವಾದರೆ ಜಲ್ಲಿ ಬೇಕು, ಆದರೆ ಅದು ಇಳಿಜಾರಿನ ಕಡೆ ಹೊರಕ್ಕೆ ತೆಗೆದ ಬಸಿಗಾಲುವೆಯೊಳಗೆ.

ಈ ಸೆಪ್ಟೆಂಬರಿನ ಒಂದು ರಾತ್ರಿಯ ಜೋರು ಮಳೆಯ ನಂತರ ಬೆಳಿಗ್ಗೆ ಮಡಿಯ ನಡುವೆ ಮೊಣಕೈವರೆಗೆ ಕೈ ಇಳಿಸಿ ತಳದ ಮಣ್ಣು ತೆಗೆದು ಮೂಸಿದೆ. ಚರಂಡಿಯ ನಾತವಿರಲಿಲ್ಲ. ಹಿಂಡಿದರೆ ನೀರು ಜಿನುಗಲಿಲ್ಲ. ಕೆಳಗಿನ ವಾಷರ್‌ಗಳು ಹಲಗೆಗೆ ಅಂಟಿಕೊಂಡೇ ಇದ್ದವು.